64 ರನ್, ಒಂದೇ ಮರ್ಜ್: 8 ಜಿಬಿ ರ್ಯಾಮ್‌ನಲ್ಲಿ 256 ಜಿಬಿ ಫೈಲ್ ಸಾರ್ಟ್ ಮಾಡಿದ್ದು

256 ಜಿಬಿ ಲಾಗ್ ಫೈಲು, 8 ಜಿಬಿ ರ್ಯಾಮು, ತಿರುಗುವ ಹಾರ್ಡ್ ಡಿಸ್ಕು. 4 ಜಿಬಿಯಂತೆ ಓದಿ, ಸಾರ್ಟ್ ಮಾಡಿ ಬರೆದರೆ 64 ರನ್, ಅಂದರೆ ಒಳಗೊಳಗೇ ಸಾರ್ಟ್ ಆದ 64 ತುಂಡು. ಇಲ್ಲಿಯವರೆಗೆ ಯಾರ ತಕರಾರೂ ಇರಲಿಲ್ಲ. ಅಷ್ಟನ್ನೂ ಒಟ್ಟಿಗೆ ಮರ್ಜ್ ಮಾಡ್ತೀನಿ ಅಂದಾಗ ಮಾತ್ರ ಕೆಲವರು, ‘ಡಿಸ್ಕಿನ ಹೆಡ್ಡು ಓಡಾಡಿಯೇ ಸುಸ್ತಾಗುತ್ತೆ, ಎರಡೆರಡೇ ಸೇರಿಸು’ ಅಂದರು.

ಎರಡೆರಡು ಸೇರಿಸಿದರೆ ಆರು ಸುತ್ತು. ಪ್ರತಿ ಸುತ್ತಿಗೂ 256 ಜಿಬಿ ಓದು, ಅಷ್ಟೇ ಬರಹ. ಸೆಕೆಂಡಿಗೆ 150 ಎಂಬಿ ಹಿಡಿದರೂ ಸುತ್ತಿಗೆ ಸುಮಾರು ಒಂದು ಗಂಟೆ, ಒಟ್ಟು ಆರು ಗಂಟೆ.

ನನ್ನ ಮೊದಲ ಯತ್ನ ಅವರ ಮಾತನ್ನೇ ನಿಜ ಮಾಡಿತು. ಪ್ರತಿ ರನ್‌ಗೆ 4 ಕೆಬಿ ಬಫರ್ ಇಟ್ಟಿದ್ದೆ. ಕರ್ನಲ್ ತಾನಾಗಿ 128 ಕೆಬಿ ಮುಂದಕ್ಕೆ ಓದಿಕೊಡುತ್ತದೆ, ಸರಿ. ಆದರೆ ಆ ಚೂರಿಗೊಂದು ಸೀಕ್, ಅಂದರೆ ಹೆಡ್ಡಿನ ಒಂದು ಓಡಾಟ, ಸೀಕಿಗೆ 10 ಮಿಲಿಸೆಕೆಂಡ್. `iostat` ನೋಡಿದರೆ ಡಿಸ್ಕು ನೂರಕ್ಕೆ ನೂರು ಬಿಡುವಿಲ್ಲ, ಓದಿನ ವೇಗ ಮಾತ್ರ 10–12 ಎಂಬಿ, ಸಿಪಿಯು ಆಕಳಿಸುತ್ತಾ ಕೂತಿದೆ. ಈ ಮೂರೂ ಒಟ್ಟಿಗೆ ಕಂಡರೆ ಬಫರ್ ಸಾಲದು ಅಂತಲೇ ಅರ್ಥ. ಹೀಗೆ ಬಿಟ್ಟಿದ್ದರೆ ಇದೂ ಆರು ಗಂಟೆಯೇ ತಿನ್ನುತ್ತಿತ್ತು.

ಬಫರನ್ನು ರನ್‌ಗೆ 32 ಎಂಬಿ ಮಾಡಿದೆ. 64 ರನ್‌ಗೆ 2 ಜಿಬಿ, ರ್ಯಾಮಿನಲ್ಲಿ ಆರಾಮಾಗಿ ಹಿಡಿಯಿತು. ಈಗ ಇಡೀ ಓದಿಗೆ ಎಂಟು ಸಾವಿರದಷ್ಟು ಸೀಕ್. ಎಲ್ಲ ಕೂಡಿಸಿದರೂ ಒಂದೂವರೆ ನಿಮಿಷದೊಳಗೆ. ದುಡ್ಡು ಹಾಕಿದ್ದು ರ್ಯಾಮಿಗಲ್ಲ, ಎರಡನೇ ಡಿಸ್ಕಿಗೆ: ರನ್‌ಗಳು ಅದರಲ್ಲಿ, ಔಟ್‌ಪುಟ್ ಮೊದಲನೆಯದರಲ್ಲಿ. ಓದುವುದೂ ಬರೆಯುವುದೂ ಬೇರೆ ಬೇರೆ ಹೆಡ್ಡಿಗೆ ಬಿತ್ತು. ಮರ್ಜ್ ನಲವತ್ತು ನಿಮಿಷದ ಆಸುಪಾಸು ಮುಗಿಯಿತು. ಹೇಳಿದವರು ಆಮೇಲೆ ಮಾತಾಡಲಿಲ್ಲ!

ನಡುವೆ ರಿಪ್ಲೇಸ್‌ಮೆಂಟ್ ಸೆಲೆಕ್ಷನ್ ಕೂಡ ಆಡಿ ನೋಡಿದೆ. ದತ್ತಾಂಶ ಕಲಸಿದಂತಿದ್ದರೆ ರನ್ ಸರಾಸರಿ ಅದಕ್ಕೆ ಕೊಟ್ಟ ರ್ಯಾಮಿನ ಎರಡರಷ್ಟು ಉದ್ದ ಬರುತ್ತದೆ, ನಿಜ. ಆದರೆ 64ರ ಬದಲು 32 ಆದರೂ ಮರ್ಜ್ ಒಂದೇ ಸುತ್ತು, ಲಾಭವೇನು? ಅದರ ಹೀಪ್ ಬೇರೆ ಕ್ಯಾಶ್ ತಪ್ಪಿಸಿ ನಿಧಾನ. ಕೈಬಿಟ್ಟೆ. ಬದಲಿಗೆ ಮರ್ಜಿನಲ್ಲಿ ಮುಂದಿನ ಕೀಲಿಯನ್ನು ಆರಿಸುವ ಲೂಸರ್ ಟ್ರೀಯಲ್ಲೇ ಕೀಲಿಯ ಮೊದಲ ಎಂಟು ಬೈಟನ್ನು ಇಟ್ಟು ಹೋಲಿಕೆ ಅಗ್ಗ ಮಾಡಿದ್ದೇನೆ. ಹೇಗೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಕೋಡ್ ಬರೆಯಲು ಬೇಸರವಾದರೆ ಗ್ನೂ `sort` ಸಾಕು. ಅದು ತಾನಾಗಿ ಒಂದು ಸಲಕ್ಕೆ 16 ಫೈಲನ್ನಷ್ಟೇ ಮರ್ಜ್ ಮಾಡುತ್ತದೆ. ಹೇಳದಿದ್ದರೆ 64 ರನ್‌ಗೆ ಎರಡು ಸುತ್ತು.

```
LC_ALL=C sort -m --batch-size=64 -S 2G \
  -T /b/tmp -o /a/out.txt /b/run.*
LC_ALL=C sort -c /a/out.txt
```

`LC_ALL=C` ಅಂದರೆ ಬೈಟ್ ಕ್ರಮದಲ್ಲಿ ಹೋಲಿಸು ಅಂತ. ರನ್‌ಗಳನ್ನು ಅದಿಲ್ಲದೆ ಮಾಡಿ, ಮರ್ಜಿಗೆ ಮಾತ್ರ ಹಾಕಿ ಒಮ್ಮೆ ಕೈ ಸುಟ್ಟುಕೊಂಡೆ. `-m` ಒಳಬರುವ ಫೈಲಿನ ಕ್ರಮವನ್ನು ಪರೀಕ್ಷಿಸುವುದಿಲ್ಲ. ತುಟಿಪಿಟಕ್ಕೆನ್ನದೆ ತಪ್ಪು ಫೈಲ್ ಬರೆದುಕೊಟ್ಟಿತು. ದೊಡ್ಡಕ್ಷರ–ಚಿಕ್ಕಕ್ಷರ ಬೆರೆತ ಕೀಲಿಗಳ ಹತ್ತಿರ ಕ್ರಮ ಹಾರಿದ್ದು `-c` ಓಡಿಸಿದ ಮೇಲೆಯೇ ಗೊತ್ತಾಗಿ, ರನ್‌ಗಳನ್ನು ಮೊದಲಿಂದ ಮಾಡಬೇಕಾಯಿತು.