ಮೂಲೆಯಿಂದ ಮೂಲೆಗೆ ಟೇಪು

ನಾನು ಸಿವಿಲ್ ಡಿಪ್ಲೊಮಾ. ಹಗಲು ಹುಬ್ಬಳ್ಳಿಯಲ್ಲಿ ಒಬ್ಬ ಕಾಂಟ್ರ್ಯಾಕ್ಟರ್ ಹತ್ತಿರ ಕೆಲಸ, ರಾತ್ರಿ ಮತ್ತು ಭಾನುವಾರ ಮನೆ ಪ್ಲ್ಯಾನು, ಎಸ್ಟಿಮೇಟು. ಸಹಿ ನನ್ನದಲ್ಲ, ಲೈಸೆನ್ಸ್ ಇರುವ ಇಂಜಿನಿಯರ್ ಒಬ್ಬರು ನೋಡಿ ಮಾಡಿಕೊಡುತ್ತಾರೆ.

ಶುರುವಿನಲ್ಲೇ ಒಂದು ಪೆಟ್ಟು ತಿಂದೆ. ಗದಗದಲ್ಲಿ ಒಬ್ಬ ಮಾಸ್ತರರ ಸೈಟು, ಉತಾರದಲ್ಲಿ 30×40. ಮುಂದಿನ ಬದಿ ಅಳೆದೆ, 30 ಅಡಿ. ಎರಡೂ ಪಕ್ಕ ಅಳೆದೆ, 40. ಹಿಂದೆ ತುಂಬ ಜಾಲಿಕಂಟಿ, ಯಾರು ಒಳಗೆ ಹೋಗ್ತಾರೆ ಅಂತ ಸುಮ್ನೆ 30 ಅಂತ ಬರೆದುಕೊಂಡು ಬಂದುಬಿಟ್ಟೆ. ಎರಡೂ ಪಕ್ಕ 3 ಅಡಿ ಬಿಟ್ಟು 24 ಅಡಿ ಅಗಲದ ಮನೆ ಹಾಕಿದೆ.

ಕಂಟಿ ಕಡಿದು ದಾರ ಕಟ್ಟಿದ ದಿನ ಗೌಂಡಿ ಫೋನ್ ಮಾಡಿದ. "ಸರ, ಹಿಂದ ಜಾಗಾ ಸಾಲವಲ್ದು ನೋಡ್ರಿ."

ಹೋಗಿ ಟೇಪು ಹಿಡಿದರೆ ಹಿಂದೆ ಇದ್ದದ್ದು 28 ಅಡಿ 6 ಇಂಚು. ಅಂದರೆ ನನ್ನ ಪ್ಲ್ಯಾನ್ ಪ್ರಕಾರ ಬಲಕ್ಕೆ 3 ಅಡಿ ಇರಬೇಕಾದ ಓಣಿ, ಹಿಂದಿನ ಮೂಲೆಯಲ್ಲಿ ಒಂದೂವರೆ ಅಡಿ. ಮಾಸ್ತರು, "ಕಾಗದದಾಗ ಮೂವತ್ತೈತೆಲ್ರಿ?" ಅಂತ ನನ್ನ ಮುಖ ನೋಡಿದರು. ಏನು ಹೇಳೋದು?

ಕಂಟಿ ಇದ್ದರೂ ಇದನ್ನು ಹಿಡಿಯಬಹುದಿತ್ತು. 30×40 ಸೈಟು ಮೂಲೆಮಟ್ಟಕ್ಕೆ ಇದ್ದರೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಸರಿಯಾಗಿ 50 ಅಡಿ ಬರಬೇಕು. ಇಲ್ಲಿ ಒಂದು 50 ಬಂತು, ಇನ್ನೊಂದು 49 ಅಡಿ 1 ಇಂಚು. ಹನ್ನೊಂದು ಇಂಚು ವ್ಯತ್ಯಾಸ, ಪಕ್ಕದ ಎರಡೂ ಬದಿ 40 ಅಂತಲೇ ತೋರಿಸುತ್ತಿರುವಾಗ! ಬಲಪಕ್ಕ ಸ್ವಲ್ಪ ಒಳಗೆ ವಾಲಿದರೆ ಅದರ ಉದ್ದ ಅರ್ಧ ಇಂಚೂ ಹೆಚ್ಚಾಗುವುದಿಲ್ಲ, ಅದಕ್ಕೇ ಪಕ್ಕ ಅಳೆದವನಿಗೆ ಏನೂ ಗೊತ್ತಾಗಲ್ಲ.

ಈಗ ಆಟೋಕ್ಯಾಡಲ್ಲಿ ಮೊದಲು ಮನೆ ಎಳೆಯಲ್ಲ, ಸೈಟು ಎಳೆಯುತ್ತೇನೆ. ಮಾಸ್ತರರ ಸೈಟಾದರೆ, ಮುಂದಿನ ಗೆರೆಯ ಎಡ ತುದಿಯಿಂದ 49 ಅಡಿ 1 ಇಂಚು ತ್ರಿಜ್ಯದ ವೃತ್ತ, ಬಲ ತುದಿಯಿಂದ 40 ಅಡಿಯದು, ಎರಡೂ ಕೂಡಿದಲ್ಲಿ ಹಿಂದಿನ ಬಲ ಮೂಲೆ. ಎಡ ಮೂಲೆಗೂ ಹೀಗೆಯೇ. ಆಮೇಲೆ ಹಿಂದಿನ ಬದಿ ಎಷ್ಟು ಬಂತು ಅಂತ ನೋಡಿ ಟೇಪಿನ ಅಳತೆಗೆ ತಾಳೆ ಹಾಕುತ್ತೇನೆ.

ಮಾಸ್ತರರ ಮನೆಯನ್ನು ಕಡೆಗೆ ಇಪ್ಪತ್ತೆರಡೂವರೆ ಅಡಿಗೆ ಇಳಿಸಿದೆ. ಗೋಡೆ ಎಲ್ಲ ನೇರ, ಸೊಟ್ಟ ಇದ್ದದ್ದು ಬಲ ಓಣಿಗೆ ಹೋಯಿತು: ಹಿಂದೆ 3 ಅಡಿ, ಮುಂದೆ ನಾಲ್ಕೂವರೆ, ಅಲ್ಲಿ ಈಗ ಅವರ ಗಾಡಿ ನಿಲ್ಲುತ್ತದೆ. ಮಲಗುವ ಕೋಣೆ ಮಾತ್ರ 10 ಅಡಿ ಇದ್ದದ್ದು ಎಂಟೂವರೆ ಆಯಿತು, ಅದಕ್ಕೆ ಅಮ್ಮಾವ್ರು ಇವತ್ತಿಗೂ ಬೈತಾರೆ. 720 ಚದರಡಿ 675 ಆದ್ದರಿಂದ ಬ್ಯಾಂಕಿನ ಎಸ್ಟಿಮೇಟೂ ಹೊಸದು, ಸಹಿಯೂ ಹೊಸದು, ಎರಡು ಭಾನುವಾರ ಪುಕ್ಕಟೆ ಕೆಲಸ.

ಈಗ ಜಾಗ ಅಳೆಯೋಕೆ ಬೇರೆ ದುಡ್ಡು ತಗೋತೀನಿ. ಕಂಟಿ ಇದ್ದರೆ ಮೊದಲು ಕಡಿಸಿ ಅಂತೀನಿ.