ಕನ್ನಡ ತೀರ್ಪಿನ ಇಂಗ್ಲಿಷ್ ಸಾರಾಂಶ: ಪಾಲಿನ ದಾವೆಯೊಂದರ ದಾರಿ ಹಿಡಿದು

ತಾಲ್ಲೂಕಿನ ಸಿವಿಲ್ ನ್ಯಾಯಾಲಯ ಕನ್ನಡದಲ್ಲಿ ತೀರ್ಪು ಬರೆಯುತ್ತದೆ. ಅದರ ಮೇಲಿನ ಮೇಲ್ಮನವಿ ಹೈಕೋರ್ಟಿಗೆ ಹೋದರೆ ಅಲ್ಲಿನ ವ್ಯವಹಾರ ಇಂಗ್ಲಿಷಿನದು. ಸಂವಿಧಾನದ 348ನೇ ವಿಧಿ ಹಾಗೆ ಹೇಳುತ್ತದೆ. ಇಪ್ಪತ್ತೈದು ಪುಟದ ತೀರ್ಪನ್ನು ಎರಡು ಪುಟದ ಇಂಗ್ಲಿಷ್ ಸಾರಾಂಶ ಮಾಡಿಕೊಡಿ ಎಂದು ವಕೀಲರು ಕೇಳುವುದು ಇಂಥ ಹೊತ್ತಿನಲ್ಲೇ. ಪೂರ್ಣ ಅನುವಾದದಲ್ಲಿ ಒಂದು ಪದ ತಪ್ಪಿದರೂ ಅದರ ಅಕ್ಕಪಕ್ಕದ ಮಾತು ಓದುಗರನ್ನು ಎಚ್ಚರಿಸೀತು. ಸಾರಾಂಶದಲ್ಲಿ ಆ ಅಕ್ಕಪಕ್ಕವೇ ಇರುವುದಿಲ್ಲ.

ವಿವರಣೆಗೆ ಒಂದು ಕಲ್ಪಿತ ದಾವೆ ಇಟ್ಟುಕೊಳ್ಳೋಣ. ತಾಯಿ ಮೊದಲೇ ತೀರಿಕೊಂಡಿದ್ದಾರೆ, ಆಮೇಲೆ ತಂದೆಯೂ ಉಯಿಲು ಬರೆಯದೆ ತೀರಿಕೊಂಡಿದ್ದಾರೆ. ಮಕ್ಕಳು ಮೂವರು: ಒಬ್ಬಳು ಮಗಳು, ಇಬ್ಬರು ಗಂಡುಮಕ್ಕಳು. 2018ರಲ್ಲಿ ಮಗಳು ಅಣ್ಣಂದಿರ ಮೇಲೆ ದಾವೆ ಹೂಡಿ ‘ಎ’ ಷೆಡ್ಯೂಲಿನ 3 ಎಕರೆ ಪಿತ್ರಾರ್ಜಿತ ಜಮೀನಿನಲ್ಲೂ ‘ಬಿ’ ಷೆಡ್ಯೂಲಿನ ಮನೆಯಲ್ಲೂ 1/3 ಪಾಲು ಕೇಳಿದ್ದಾಳೆ. 1999ರಲ್ಲೇ ಪಾಲುಪಟ್ಟಿ ಆಗಿದೆ, ಮನೆ ತನ್ನ ಸ್ವಯಾರ್ಜಿತ ಎಂಬುದು ದೊಡ್ಡಣ್ಣನ ವಾದ.

ಮೊದಲು ಕೊನೆಯ ಪುಟ ಓದಿ

‘ಆದೇಶ’ ಎಂಬ ತಲೆಬರಹದ ಕೆಳಗಿರುವ ನಾಲ್ಕೈದು ಸಾಲುಗಳಿಂದ ಕೆಲಸ ಶುರುವಾಗಲಿ. ಆಮೇಲೆ ವಿವಾದಾಂಶಗಳಿಗೆ ಬನ್ನಿ. ಪ್ರತಿ ವಿವಾದಾಂಶದ ಎದುರು ‘ಸಕಾರಾತ್ಮಕವಾಗಿ’, ‘ನಕಾರಾತ್ಮಕವಾಗಿ’, ‘ಭಾಗಶಃ ಸಕಾರಾತ್ಮಕವಾಗಿ’ ಎಂಬ ಉತ್ತರ ಇರುತ್ತದೆ. ಅದನ್ನು ಒಂದು ಹಾಳೆಯಲ್ಲಿ ಬರೆದುಕೊಂಡ ಮೇಲೆ ಮೊದಲ ಪುಟಕ್ಕೆ ಹೋಗಿ. ಯಾವ ಮಾತು ತೀರ್ಮಾನಕ್ಕೆ ದಾರಿಯಾಯಿತು, ಯಾವುದು ಬರೀ ವಾದವಾಗಿ ಉಳಿಯಿತು ಎಂಬುದು ಓದುತ್ತ ಓದುತ್ತ ತಾನೇ ಬೇರೆಯಾಗುತ್ತದೆ.

ನಮ್ಮ ದಾವೆಯ ಆದೇಶ ಹೀಗಿದೆ ಎನ್ನಿ: ‘ದಾವೆಯನ್ನು ಭಾಗಶಃ ಡಿಕ್ರಿ ಮಾಡಲಾಗಿದೆ. ವಾದಿಯು ಎ ಷೆಡ್ಯೂಲ್ ಸ್ವತ್ತಿನಲ್ಲಿ 1/3 ಪಾಲಿಗೆ ಅರ್ಹಳು. ಬಿ ಷೆಡ್ಯೂಲಿಗೆ ಸಂಬಂಧಿಸಿ ದಾವೆ ವಜಾ. ಈ ಪ್ರಕಾರ ಪ್ರಾಥಮಿಕ ಡಿಕ್ರಿ ತಯಾರಿಸತಕ್ಕದ್ದು.’ ಮೂರು ಎಕರೆಯ ಮೂರನೇ ಒಂದು ಪಾಲು ಎಂದರೆ ಒಂದು ಎಕರೆ ತಾನೇ ಎಂದು ‘ಒನ್ ಏಕರ್ ಅವಾರ್ಡೆಡ್’ ಎಂದು ಬರೆದುಬಿಡುವ ಆಸೆ ಬರುತ್ತದೆ. ಬರೆಯಬೇಡಿ. ಪ್ರಾಥಮಿಕ ಡಿಕ್ರಿ ಪಾಲಿನ ಪ್ರಮಾಣವನ್ನಷ್ಟೇ ಘೋಷಿಸುತ್ತದೆ. ಯಾವ ಮೂಲೆ ಯಾರಿಗೆ ಎಂದು ಅಳತೆ ಮಾಡಿ ಚೆಕ್ಕುಬಂದಿ ಗುರುತಿಸುವುದು ಆಮೇಲಿನ ಮಾತು. ಕಂದಾಯದ ಜಮೀನಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿನ ಪ್ರಕಾರ ಆ ಕೆಲಸ ಕಂದಾಯ ಅಧಿಕಾರಿಗಳದು. ‘ಪ್ರಿಲಿಮಿನರಿ’ ಎಂಬ ಒಂದು ಪದ ಬಿಟ್ಟುಹೋದರೆ ವಾದಿಯ ಕೈಗೆ ಜಮೀನು ಆಗಲೇ ಬಂದಂತೆ ಕಾಣುತ್ತದೆ.

‘ವಜಾ’ ಎಂಬ ಪದವನ್ನೂ ಇಲ್ಲೇ ಪರೀಕ್ಷಿಸಿಕೊಳ್ಳಿ. ಸಾಕ್ಷ್ಯ ನೋಡಿ, ಹಕ್ಕಿಲ್ಲ ಎಂದು ದಾವೆಯನ್ನು ತಳ್ಳಿದ್ದರೆ ಅದು ‘ಡಿಸ್ಮಿಸ್ಡ್’. ಅದೇ ಸಂಹಿತೆಯ ಆದೇಶ 7 ನಿಯಮ 11ರ ಕೆಳಗೆ ವಾದಪತ್ರವನ್ನೇ ತಿರಸ್ಕರಿಸಿದ್ದರೆ ಅದು ‘ರಿಜೆಕ್ಟೆಡ್’. ಕನ್ನಡ ತೀರ್ಪುಗಳಲ್ಲಿ ಎರಡಕ್ಕೂ ‘ವಜಾ’ ಬಳಸುವುದುಂಟು. ಆದರೆ ತಿರಸ್ಕೃತವಾದ ವಾದಪತ್ರದ ಜಾಗದಲ್ಲಿ ಹೊಸದನ್ನು ಸಲ್ಲಿಸಲು ನಿಯಮ 13 ಅವಕಾಶ ಕೊಡುತ್ತದೆ. ಗುಣದೋಷದ ಮೇಲೆ ವಜಾ ಆದ ದಾವೆಗೆ ಆ ಬಾಗಿಲು ಮುಚ್ಚಿರುತ್ತದೆ. ನಮ್ಮ ‘ಬಿ’ ಷೆಡ್ಯೂಲಿನ ಮನೆ ವಿಚಾರಣೆ ಮುಗಿದ ಮೇಲೆ ಹೋದದ್ದು, ಆದ್ದರಿಂದ ‘ಡಿಸ್ಮಿಸ್ಡ್’.

ಪಾಲುಪಟ್ಟಿ ಎಂದರೆ ಏನೆಂದು ಬರೆಯುವುದು?

ನಿಘಂಟು ತೆರೆದರೆ ‘ಪಾರ್ಟಿಷನ್ ಡೀಡ್’ ಸಿಗುತ್ತದೆ. ಅದನ್ನೇ ಬರೆದರೆ ಇಡೀ ದಾವೆಯ ಮುಖ್ಯ ಪ್ರಶ್ನೆಗೆ ನೀವೇ ಉತ್ತರ ಕೊಟ್ಟಂತಾಗುತ್ತದೆ. ಊರಿನಲ್ಲಿ ಪಾಲುಪಟ್ಟಿ ಎಂದು ಕರೆಯುವ ಕಾಗದ ಎರಡು ಬಗೆಯದಾಗಿರಬಹುದು. ಆ ಕಾಗದದ ಮೂಲಕವೇ ಆಸ್ತಿ ಹಂಚಿಕೆಯಾಗಿದ್ದರೆ ಅದಕ್ಕೆ 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ನೋಂದಣಿ ಬೇಕು. ಮೊದಲೇ ಬಾಯಿಮಾತಿನಲ್ಲಿ ಆಗಿಹೋದ ಹಂಚಿಕೆಯನ್ನು ನೆನಪಿಗೆಂದು ಬರೆದಿಟ್ಟಿದ್ದರೆ ಅದು ಬರೀ ‘ಮೆಮೊರಾಂಡಮ್’, ಅದಕ್ಕೆ ನೋಂದಣಿ ಬೇಡ. ಗುರುತು ಸಿಗುವುದು ಕ್ರಿಯಾಪದದಲ್ಲಿ. ‘ಈ ದಿನ ಈ ಮೂಲಕ ಭಾಗ ಮಾಡಿಕೊಂಡಿರುತ್ತೇವೆ’ ಎಂದಿದೆಯೋ, ‘ಈ ಹಿಂದೆ ಪಂಚರ ಸಮಕ್ಷಮ ಭಾಗ ಮಾಡಿಕೊಂಡಿದ್ದು, ಅದರ ಜ್ಞಾಪಕಾರ್ಥ ಬರೆಸಿಟ್ಟ ಪಟ್ಟಿ’ ಎಂದಿದೆಯೋ ನೋಡಿ.

ಮಗಳ ಹಕ್ಕು ನಿಂತಿರುವುದೂ ಇದರ ಮೇಲೆಯೇ. ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಮಿನ 2005ರ ತಿದ್ದುಪಡಿ ಮಗಳನ್ನೂ ಮಗನಂತೆ ಸಹದಾಯಾದಿ ಮಾಡಿತು. 20 ಡಿಸೆಂಬರ್ 2004ಕ್ಕೆ ಮುಂಚೆ ಆದ ಪಾಲನ್ನು ಅದು ಕೆದಕುವುದಿಲ್ಲ. ಆದರೆ ಅಲ್ಲಿ ಪಾಲು ಎಂದರೆ ನೋಂದಾಯಿತ ಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆದ ಪಾಲು ಎಂಬ ವಿವರಣೆ ಇದೆ. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪರೂಪದ ಸಂದರ್ಭಗಳಲ್ಲಿ ಬಾಯಿಮಾತಿನ ಪಾಲಿನ ವಾದವನ್ನೂ ಒಪ್ಪಬಹುದು ಎಂದಿತು.

ಹಾಗಾಗಿ ನಾನು ‘ಪಾಲುಪಟ್ಟಿ’ ಎಂಬ ಪದವನ್ನೇ ಇಂಗ್ಲಿಷ್ ಲಿಪಿಯಲ್ಲಿ ಉಳಿಸಿಕೊಳ್ಳುತ್ತೇನೆ. ಪಕ್ಕದಲ್ಲಿ ನಿಶಾನೆ ಸಂಖ್ಯೆ, ದಿನಾಂಕ, ‘ಅನ್‌ರಿಜಿಸ್ಟರ್ಡ್’ ಎಂಬ ಸಂಗತಿ, ಅದನ್ನು ನ್ಯಾಯಾಲಯ ಏನೆಂದು ಪರಿಗಣಿಸಿತು ಎಂಬ ಒಂದು ವಾಕ್ಯ ಸೇರಿಸುತ್ತೇನೆ. ‘ನಿ.ಡಿ.2’ ಇಂಗ್ಲಿಷಿನಲ್ಲಿ ‘ಎಕ್ಸಿಬಿಟ್ ಡಿ-2’ ಆಗುತ್ತದೆ, ಆದರೆ ಸಂಖ್ಯೆ ಹಾಗೇ ಇರಬೇಕು. ವಕೀಲರು ಮೂಲ ಕಡತ ತೆರೆದಾಗ ಹುಡುಕುವುದು ಅದನ್ನೇ.

ಯಾರು ಹೇಳಿದ ಮಾತು?

ಕನ್ನಡದ ವಾಕ್ಯ ‘ಎಂದು’ ಬರುವವರೆಗೂ ಯಾರ ಮಾತೆಂದು ಬಿಟ್ಟುಕೊಡುವುದಿಲ್ಲ. ಅರ್ಧ ಪುಟ ಓಡಿದ ಮೇಲೆ ‘ಎಂದು ನಿವೇದಿಸಿಕೊಂಡಿರುತ್ತಾರೆ’ ಬರುತ್ತದೆ. ಅವಸರದಲ್ಲಿ ಆ ಕೊನೆಯ ಪದ ಬಿಟ್ಟರೆ ಪ್ರತಿವಾದಿಯ ವಾದ ನ್ಯಾಯಾಧೀಶರ ತೀರ್ಮಾನವಾಗಿಬಿಡುತ್ತದೆ. ನಾನು ಪ್ರತಿ ‘ಎಂದು’ವಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಮುಂದಿನ ಕ್ರಿಯಾಪದ ನೋಡುತ್ತೇನೆ. ‘ನಿವೇದಿಸಿದ್ದಾರೆ’ಗೆ ‘ಪ್ಲೀಡೆಡ್’, ‘ಸಾಕ್ಷ್ಯ ನುಡಿದಿದ್ದಾರೆ’ಗೆ ‘ಡಿಪೋಸ್ಡ್’, ‘ಒಪ್ಪಿಕೊಂಡಿದ್ದಾರೆ’ಗೆ ‘ಅಡ್ಮಿಟೆಡ್’. ‘ಸ್ಟೇಟೆಡ್’ ಎಂಬ ಒಂದೇ ಪದದಲ್ಲಿ ಎಲ್ಲವನ್ನೂ ಮುಗಿಸಿದರೆ ಮೇಲ್ಮನವಿಯ ವಕೀಲರಿಗೆ ಉಪಯೋಗವಿಲ್ಲ, ಏಕೆಂದರೆ ಒಪ್ಪಿಕೊಂಡ ಮಾತಿಗೂ ಬರೀ ಹೇಳಿದ ಮಾತಿಗೂ ಬಲ ಬೇರೆ.

ಪಾಟೀ ಸವಾಲಿನ ಸಾಲುಗಳಲ್ಲಿ ಇನ್ನೂ ನಿಧಾನ ಬೇಕು. ‘ನಿವೇಶನ ಕೊಂಡಾಗ ನನಗೆ ಸ್ವಂತ ವರಮಾನ ಇರಲಿಲ್ಲ ಎಂದರೆ ಸರಿಯಲ್ಲ’ ಎಂದು ದೊಡ್ಡಣ್ಣ ಹೇಳಿದ್ದಾನೆ ಎನ್ನಿ. ‘ಇರಲಿಲ್ಲ’ ಎಂಬುದು ವಕೀಲರ ಸೂಚನೆ, ‘ಸರಿಯಲ್ಲ’ ಎಂಬುದು ಸಾಕ್ಷಿಯ ಉತ್ತರ. ವರಮಾನವಿರಲಿಲ್ಲ ಎಂಬ ಸೂಚನೆಯನ್ನು ಅವನು ಅಲ್ಲಗಳೆದಿದ್ದಾನೆ. ಇಂಗ್ಲಿಷಿನಲ್ಲಿ ‘ಹಿ ಡಿನೈಡ್ ದಿ ಸಜೆಷನ್ ದಟ್…’ ಎಂದೇ ಬರೆಯಬೇಕು. ಎರಡು ನಕಾರ ಸೇರಿ ಸಕಾರವಾಯಿತೆಂದು ‘ವರಮಾನವಿತ್ತು ಎಂದು ಒಪ್ಪಿಕೊಂಡ’ ಎಂದು ಬರೆದರೆ ಇಲ್ಲದ ಅಡ್ಮಿಷನ್ ಹುಟ್ಟುತ್ತದೆ. ಅದೇ ಸಾಲಿನ ಕೊನೆಯಲ್ಲಿ ‘ಎಂದರೆ ಸರಿ’ ಎಂದಿದ್ದರೆ ಮಾತ್ರ ಅದು ಅಡ್ಮಿಷನ್, ಅದೂ ಅವನಿಗೆ ವಿರುದ್ಧವಾದದ್ದು.

ಸಾರಾಂಶ ಮುಗಿದ ಮೇಲೆ ಒಂದು ದಿನ ಬಿಟ್ಟು, ಮೂಲ ತೀರ್ಪನ್ನು ನೋಡದ ಒಬ್ಬರ ಕೈಗೆ ಇಂಗ್ಲಿಷ್ ಪ್ರತಿ ಕೊಡಿ. ಮನೆ ಯಾರಿಗೆ ಉಳಿಯಿತು, ಜಮೀನಿನ ಹಂಚಿಕೆ ಮುಗಿದಿದೆಯೇ, ಪಾಲುಪಟ್ಟಿಯನ್ನು ನ್ಯಾಯಾಲಯ ನಂಬಿತೇ ಎಂದು ಕೇಳಿ. ಅವರ ಉತ್ತರಗಳನ್ನು ನೀವು ಮೊದಲ ದಿನ ಬರೆದುಕೊಂಡ ಆ ಹಾಳೆಯ ಪಕ್ಕ ಇಟ್ಟು ನೋಡಿ. ತಾಳೆಯಾಗದ ಉತ್ತರ ಸಾರಾಂಶದ ಯಾವ ಸಾಲಿನಿಂದ ಬಂತೆಂದು ಅವರನ್ನೇ ಕೇಳಿ, ಆ ಸಾಲನ್ನು ತಿದ್ದಿ.