15 ದಿನದಲ್ಲಿ ಜಾಯಿನ್ ಆಗಿ, ಬೈಔಟ್ ನಾವು ನೋಡ್ಕೋತೀವಿ ಅಂದ್ರೆ ಏನು ಉತ್ತರ ಕೊಡ್ಬೇಕು: ನನ್ನ ಅನುಭವ

ಬೆಂಗಳೂರಲ್ಲಿ ಐಟಿ ಕೆಲಸ ಮಾಡೋರಿಗೆ ಈ ಫೋನ್ ಕಾಲ್ ಒಂದಲ್ಲ ಒಂದ್ಸಲ ಬಂದೇ ಬರುತ್ತೆ. ಇಂಟರ್ವ್ಯೂ ಎಲ್ಲಾ ಮುಗ್ದಿರುತ್ತೆ, ಸಂಬಳದ ಮಾತೂ ಆಗಿರುತ್ತೆ, ಆಮೇಲೆ ರಿಕ್ರೂಟರ್ ಫೋನ್ ಮಾಡಿ "ಸರ್, ನಿಮ್ಮದು 90 ದಿನ ನೋಟಿಸ್ ಅಲ್ವಾ, ಅಷ್ಟು ಕಾಯೋಕಾಗಲ್ಲ, 15 ದಿನದಲ್ಲಿ ಬನ್ನಿ, ಬೈಔಟ್ ನಾವು ಮಾಡ್ತೀವಿ, ಇವತ್ತೇ ಕನ್ಫರ್ಮ್ ಮಾಡಿ" ಅಂತಾರೆ. ಬೈಔಟ್ ಅಂದ್ರೆ ಉಳಿದ ನೋಟಿಸ್ ದಿನಗಳ ಬದಲು ಈಗಿನ ಕಂಪನಿಗೆ ದುಡ್ಡು ಕಟ್ಟಿ ಬೇಗ ಬಿಡೋದು. ನನಗೂ ಹಿಂಗೇ ಬಂತು. ನಾನು ಫೋನಲ್ಲಿ ಹೂಂ ಅನ್ನಲಿಲ್ಲ, ಊಹೂಂ ಅಂತನೂ ಅನ್ನಲಿಲ್ಲ, "ನಾಳೆ ಮಧ್ಯಾಹ್ನದೊಳಗೆ ಮೇಲ್ ಹಾಕ್ತೀನಿ" ಅಂತ ಅಷ್ಟೇ ಹೇಳ್ದೆ.

ಮೊದಲು ಮಾಡಿದ ಕೆಲಸ ಅಂದ್ರೆ ಈಗಿನ ಕಂಪನಿಯ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಟಿಸ್ ಬಗ್ಗೆ ಇರೋ ಪ್ಯಾರಾನ ನಿಧಾನವಾಗಿ ಓದಿದ್ದು. ಅದರಲ್ಲಿ ಎರಡು ವಿಷ್ಯ ನೋಡ್ಬೇಕು. ಒಂದು, ದುಡ್ಡು ಕಟ್ಟಿ ಬೇಗ ಹೋಗೋದು ನಮ್ಮ ಆಯ್ಕೆನಾ ಇಲ್ಲ ಕಂಪನಿ ಒಪ್ಪಿದ್ರೆ ಮಾತ್ರನಾ ಅಂತ. ನನ್ನ ಲೆಟರಲ್ಲಿ ಕಂಪನಿಯ ವಿವೇಚನೆಗೆ ಬಿಟ್ಟದ್ದು ಅಂತ ಸ್ಪಷ್ಟವಾಗಿ ಇತ್ತು, ಅಂದ್ರೆ ನನ್ನ ಹತ್ರ ದುಡ್ಡಿದ್ರೂ ಮ್ಯಾನೇಜರ್ ಬಿಡದಿದ್ರೆ ಪೂರ್ತಿ 90 ದಿನ ಕೂರ್ಲೇಬೇಕು. ಹೆಚ್ಚಿನ ಕಂಪನಿಗಳಲ್ಲಿ ಹಿಂಗೇ ಇರುತ್ತೆ, ಆದ್ರೆ ರಿಕ್ರೂಟರ್ ಮಾತಾಡೋದು ಕೇಳಿದ್ರೆ ಅವರು ದುಡ್ಡು ಕೊಟ್ಬಿಟ್ರೆ ಎಲ್ಲಾ ಮುಗೀತು ಅನ್ನೋ ಥರ ಇರುತ್ತೆ. ಎರಡನೇದು, ಲೆಕ್ಕ ಬೇಸಿಕ್ ಮೇಲೋ ಗ್ರಾಸ್ ಮೇಲೋ ಅಂತ. ನನ್ನ ಗ್ರಾಸ್ ತಿಂಗಳಿಗೆ 1,30,000, ಬೇಸಿಕ್ 60,000. ಅರ್ಧ ನೋಟಿಸ್ ಕೆಲಸ ಮಾಡಿ ಉಳಿದ 45 ದಿನಕ್ಕೆ ಬೈಔಟ್ ಅಂದ್ರೆ ಬೇಸಿಕ್ ಲೆಕ್ಕದಲ್ಲಿ 90,000, ಗ್ರಾಸ್ ಲೆಕ್ಕದಲ್ಲಿ 1,95,000, ಡಬಲ್‌ಗಿಂತ ಜಾಸ್ತಿ. ನನ್ನ ಲೆಟರಲ್ಲಿ ಬೇಸಿಕ್ ಅಂತ ಇತ್ತು.

ಆಮೇಲೆ ಆ ರಿಕ್ರೂಟರ್ ಯಾರ ಕಡೆಯವರು ಅಂತ ಕೇಳ್ಕೊಂಡೆ. ಕನ್ಸಲ್ಟೆನ್ಸಿಯವರು. ಅವರಿಗೆ ಸಾಮಾನ್ಯವಾಗಿ ದುಡ್ಡು ಬರೋದು ನಾವು ಜಾಯಿನ್ ಆದ್ಮೇಲೆ, ಅದಕ್ಕೆ ಅಷ್ಟು ಅವಸರ ಮಾಡ್ತಾರೆ, ಅದು ಅವರ ಹೊಟ್ಟೆಪಾಡು, ತಪ್ಪಲ್ಲ. ಆದ್ರೆ ಬೈಔಟ್ ಕೊಡ್ತೀವಿ ಅನ್ನೋ ಮಾತು ಅವರು ಕೊಡೋಕಾಗಲ್ಲ, ಅದು ಕಂಪನಿ ಎಚ್ಆರ್ ಬರವಣಿಗೆಯಲ್ಲಿ ಕೊಟ್ರೆ ಮಾತ್ರ ನಿಲ್ಲೋದು. ಹಂಗಾಗಿ ಉತ್ತರದಲ್ಲಿ ಕಂಪನಿ ಎಚ್ಆರ್‌ನೂ ಸಿಸಿಲಿ ಹಾಕ್ದೆ.

ಮೇಲ್ ಕಳಿಸಿದ್ದು ಇಂಗ್ಲಿಷಲ್ಲೇ, ಅದರ ಸಾರ ಕನ್ನಡದಲ್ಲಿ ಹೇಳ್ಬೇಕಂದ್ರೆ ಹಿಂಗಿತ್ತು:

"ಈ ಕೆಲಸಕ್ಕೆ ಬರೋಕೆ ನನಗೆ ಇಷ್ಟ ಇದೆ. ನನ್ನ ನೋಟಿಸ್ 90 ದಿನ, ಬೈಔಟ್ ಈಗಿನ ಕಂಪನಿ ಒಪ್ಪಿಗೆ ಮೇಲೆ ನಿಂತಿದೆ, ಆದ್ದರಿಂದ 15 ದಿನದಲ್ಲಿ ಬರ್ತೀನಿ ಅಂತ ಮಾತು ಕೊಡೋಕಾಗಲ್ಲ. ಸಹಿ ಆದ ಆಫರ್ ಲೆಟರ್ ಕೈಗೆ ಬಂದ ದಿನವೇ ರಾಜೀನಾಮೆ ಕೊಟ್ಟು 45 ದಿನಕ್ಕೆ ಬಿಡಿ ಅಂತ ಕೇಳ್ತೀನಿ, ಕೊನೇ ದಿನ ಯಾವುದು ಅಂತ ಅಲ್ಲಿಂದ ಬರವಣಿಗೆಯಲ್ಲಿ ಬಂದ ತಕ್ಷಣ ನಿಮಗೆ ಜಾಯಿನಿಂಗ್ ಡೇಟ್ ತಿಳಿಸ್ತೀನಿ. ಆಫರ್ ಲೆಟರಲ್ಲಿ ಮೂರು ವಿಷ್ಯ ಸೇರಿಸಿ: ಬೈಔಟ್ ಮೊತ್ತ ತೆರಿಗೆ ಕಳೆದ ಮೇಲೆ ನನಗೆ ಪೂರ್ತಿ ಸಿಗೋ ಹಾಗೆ ಕೊಡೋದು, ಯಾವ ದಾಖಲೆ ಕೊಟ್ರೆ ಯಾವ ತಿಂಗಳ ಸಂಬಳದ ಜೊತೆ ಕೊಡ್ತೀರ ಅನ್ನೋದು, ಮತ್ತೆ ನಾನು ಬೇಗ ಬಿಟ್ರೆ ವಾಪಸ್ ತಗೊಳ್ಳೋ ಷರತ್ತು ಏನು ಅನ್ನೋದು."

ತೆರಿಗೆ ಮಾತು ಯಾಕೆ ಬಂತು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಜನ ದುಡ್ಡು ಕಳ್ಕೊಳ್ಳೋದು ಇಲ್ಲೇ. ಹಳೇ ಕಂಪನಿ 90,000 ಹಿಡ್ಕೊಳ್ಳುತ್ತೆ, ಆದ್ರೆ ನನ್ನ ಫಾರ್ಮ್ 16ರಲ್ಲಿ ಪೂರ್ತಿ ಸಂಬಳನೇ ಆದಾಯ ಅಂತ ತೋರಿಸ್ತು, ಹಿಡಿದಿದ್ದನ್ನ ಅದರಲ್ಲಿ ಕಳೀಲಿಲ್ಲ. ಇನ್ನು ಹೊಸ ಕಂಪನಿ ಕೊಡೋ ಬೈಔಟ್ ದುಡ್ಡು ಸಂಬಳದ ಭಾಗ ಅಂತ ಲೆಕ್ಕ ಆಗಿ ಅದರ ಮೇಲೆ ಟಿಡಿಎಸ್ ಕಟ್ ಆಗುತ್ತೆ. ನಾನು 30% ಸ್ಲ್ಯಾಬಲ್ಲಿದ್ದೆ, 4% ಸೆಸ್ ಸೇರಿ 31.2%. ಅಂದ್ರೆ ಅವರು ಬರೀ 90,000 ಕೊಟ್ರೆ ಕೈಗೆ ಬರೋದು 61,920, ಉಳಿದ 28,000 ಚಿಲ್ಲರೆ ನನ್ನ ಜೇಬಿಂದ. ಪೂರ್ತಿ 90,000 ಕೈಗೆ ಬರ್ಬೇಕಂದ್ರೆ ಅವರು ಸುಮಾರು 1,30,800 ಕೊಡ್ಬೇಕು. ಈ ಲೆಕ್ಕಾನೂ ಮೇಲ್ ಕೆಳಗೆ ಬರೆದು ಕಳ್ಸಿದ್ದೆ. ಎಚ್ಆರ್ ಮೊದಲು "ಪಾಲಿಸಿ ಪ್ರಕಾರ ಆಕ್ಚುವಲ್ಸ್ ಮಾತ್ರ", ಅಂದ್ರೆ ಹಳೇ ಕಂಪನಿ ಹಿಡಿದಷ್ಟೇ ಕೊಡ್ತೀವಿ ಅಂದ್ರು, ಹಂಗಾದ್ರೆ ವ್ಯತ್ಯಾಸನ ಜಾಯಿನಿಂಗ್ ಬೋನಸಲ್ಲಿ ಸೇರಿಸಿ ಅಂದೆ, ಅದಕ್ಕೆ ಒಪ್ಪಿದ್ರು. ಬೈಔಟ್ ಅನ್ನೋ ಹೆಸರಲ್ಲಿ ಜಾಸ್ತಿ ಕೊಡೋಕೆ ಅವರಿಗೆ ಪಾಲಿಸಿ ಅಡ್ಡ ಬರುತ್ತೆ, ಬೋನಸ್ ಅಂದ್ರೆ ದಾರಿ ಸಿಗುತ್ತೆ.

ವಾಪಸ್ ತಗೊಳ್ಳೋ ಷರತ್ತಿನ ಬಗ್ಗೆನೂ ಒಂದು ಮಾತು. ಒಂದು ವರ್ಷದೊಳಗೆ ಬಿಟ್ರೆ ಬೈಔಟ್, ಬೋನಸ್ ಎರಡೂ ಪೂರ್ತಿ ವಾಪಸ್ ಕೊಡ್ಬೇಕು ಅಂತ ಮೊದಲ ಡ್ರಾಫ್ಟಲ್ಲಿತ್ತು. ಕೈಗೆ ಬಂದಿದ್ದು ತೆರಿಗೆ ಕಳೆದು, ವಾಪಸ್ ಕೇಳೋದು ತೆರಿಗೆ ಸೇರಿಸಿ, ಅದೂ ಹನ್ನೊಂದನೇ ತಿಂಗಳಲ್ಲಿ ಬಿಟ್ರೂ ಪೂರ್ತಿ. ಕೆಲಸ ಮಾಡಿದ ತಿಂಗಳುಗಳನ್ನ ಕಳೆದು ಉಳಿದಿದ್ದಕ್ಕೆ ಮಾತ್ರ ಅಂತ ಬದಲಾಯಿಸಿ ಅಂತ ಕೇಳ್ದೆ, ಹೆಚ್ಚು ಚರ್ಚೆ ಇಲ್ಲದೆ ಮಾಡಿಕೊಟ್ರು. ಕಂಪನಿಯವರೇ ನಮ್ಮನ್ನ ತೆಗೆದ್ರೆ ಈ ಷರತ್ತು ಇಲ್ಲ ಅಂತ ಒಂದು ಸಾಲೂ ಹಾಕಿಸ್ಕೊಂಡೆ.

ಮಧ್ಯದಲ್ಲಿ ರಿಕ್ರೂಟರ್ ಫೋನ್ ಮಾಡಿ "ಸರ್ ಮೊದಲು ಪೇಪರ್ ಹಾಕ್ಬಿಡಿ, ಲೆಟರ್ ಪ್ರೋಸೆಸ್‌ನಲ್ಲಿದೆ" ಅಂದ್ರು. "ಲೆಟರ್ ಬಂದ ಒಂದು ಗಂಟೇಲಿ ಹಾಕ್ತೀನಿ ಮೇಡಂ, ಅದಕ್ಕೆ ಮುಂಚೆ ಇಲ್ಲ" ಅಂತ ಹೇಳ್ದೆ. ಲೆಟರ್ ಬಂತು, ಅವತ್ತೇ ಪೇಪರ್ ಹಾಕ್ದೆ.

ಮ್ಯಾನೇಜರ್ ಹತ್ರ ಬೈಔಟ್ ಅನ್ನೋ ಪದದಿಂದ ಮಾತು ಶುರು ಮಾಡಲಿಲ್ಲ. ಅವರಿಗೆ ಬೇಕಿರೋದು ದುಡ್ಡಲ್ಲ, ನಾನು ನೋಡ್ಕೊಳ್ತಿದ್ದ ಮಾಡ್ಯೂಲ್ ನಾಳೆ ಯಾರು ನೋಡ್ಕೋತಾರೆ ಅನ್ನೋದು. ಹಂಗಾಗಿ ವಾರವಾರ ಏನೇನು ಯಾರಿಗೆ ಹಸ್ತಾಂತರ ಮಾಡ್ತೀನಿ ಅಂತ ಒಂದು ಶೀಟ್ ಮಾಡ್ಕೊಂಡು ಹೋದೆ, ಮುಂದಿನ ರಿಲೀಸ್ ಮುಗಿಸಿಯೇ ಹೋಗ್ತೀನಿ, ಅದು 45 ದಿನದೊಳಗೇ ಬರುತ್ತೆ ಅಂತ ತೋರಿಸ್ದೆ. ಅವರು ಬಾಯಲ್ಲಿ ಓಕೆ ಅಂದಿದ್ದು ಸಾಕಾಗಲ್ಲ, ಎಚ್ಆರ್ ಪೋರ್ಟಲಲ್ಲಿ ಕೊನೇ ದಿನ ಬದಲಾಗಿ ಅದರ ಮೇಲ್ ಬರೋವರೆಗೂ ನಾನು ಹೊಸ ಕಂಪನಿಗೆ ಡೇಟ್ ಹೇಳಲಿಲ್ಲ. ಈ ಮೇಲ್ ಇಲ್ಲದೆ ಬಿಟ್ಟು ಹೋದ್ರೆ ದಾಖಲೆಯಲ್ಲಿ ಅಬ್ಸ್ಕಾಂಡಿಂಗ್ ಅಂತ ಹಾಕ್ತಾರೆ, ರಿಲೀವಿಂಗ್ ಲೆಟರ್ ಸಿಗಲ್ಲ, ಆಮೇಲೆ ಹೊಸ ಕಡೆ ಬ್ಯಾಗ್ರೌಂಡ್ ವೆರಿಫಿಕೇಶನಲ್ಲಿ ಸಿಕ್ಕಾಕೊಳ್ತೀವಿ.

ಹೊಸ ಕಂಪನಿ 15 ದಿನ ಅಂತ ಹಟ ಹಿಡಿದಿದ್ದೋರು 45ಕ್ಕೆ ಬಂದಿದ್ದು ಹೇಗೆ ಅಂದ್ರೆ, ಹೈರಿಂಗ್ ಮ್ಯಾನೇಜರ್ ಜೊತೆ ನೇರವಾಗಿ ಹತ್ತು ನಿಮಿಷ ಮಾತಾಡಿಸಿ ಅಂತ ಕೇಳ್ದೆ. ಅವರ ಪ್ರಾಜೆಕ್ಟ್ ಶುರುವಾಗೋದೇ ಮುಂದಿನ ತಿಂಗಳ ಕೊನೇಲಿ. ಮಧ್ಯದಲ್ಲಿರೋರಿಗೆ ಇದು ಗೊತ್ತಿರ್ಲಿಲ್ಲ.

ಕೊನೇದಾಗಿ ಸೆಟ್ಲ್‌ಮೆಂಟ್. ಬೈಔಟ್ ದುಡ್ಡು ಮೊದಲು ಹೋಗೋದು ನಮ್ಮ ಜೇಬಿಂದಲೇ, ಕೊನೇ ಸಂಬಳ ಹಿಡಿದಿಟ್ಟು ಅದರಲ್ಲಿ ಕಳೀತಾರೆ. ಹೊಸ ಕಂಪನಿ ಕೇಳಿದ ದಾಖಲೆ ಹಳೇ ಕಂಪನಿ ಲೆಕ್ಕ ಚುಕ್ತಾ ಮಾಡಿ ಕೊಡೋ ಫುಲ್ ಅಂಡ್ ಫೈನಲ್ ಶೀಟ್, ನನಗೆ ಅದು ಬಂದಿದ್ದು ಕೆಲಸ ಬಿಟ್ಟು ಒಂದೂವರೆ ತಿಂಗಳಾದ್ಮೇಲೆ, ಹಂಗಾಗಿ ವಾಪಸ್ ಬರೋ ಹೊತ್ತಿಗೆ ಮೂರನೇ ಸಂಬಳ ಆಗಿತ್ತು. ಬಾಡಿಗೆ, ಇಎಂಐ ಇರೋರು ಅಷ್ಟು ದಿನಕ್ಕೆ ದುಡ್ಡು ಎತ್ತಿಟ್ಕೊಂಡಿರಿ. ಶೀಟ್ ಬಂದಾಗ ಉಳಿದ ರಜೆಯ ದುಡ್ಡು ಸೇರಿದ್ಯಾ ನೋಡಿ, ಮತ್ತೆ ನೋಟಿಸ್ ಪೇ ಮೇಲೆ 18% ಜಿಎಸ್‌ಟಿ ಹಾಕಿದ್ರೆ 2022ರ ಆಗಸ್ಟ್ 3ರ 178ನೇ ನಂಬರ್ ಜಿಎಸ್‌ಟಿ ಸರ್ಕ್ಯುಲರ್ ತೋರಿಸಿ, ನೋಟಿಸ್ ಪೇಗೆ ಜಿಎಸ್‌ಟಿ ಇಲ್ಲ ಅಂತ ಅದರಲ್ಲೇ ಸ್ಪಷ್ಟ ಮಾಡಿದ್ದಾರೆ.